ಗುಟ್ಟು ಬೇರೆ, ಸುಳ್ಳು ಬೇರೆ

2024ರ ಏಪ್ರಿಲ್ ಮೊದಲ ವಾರ. ಪರೀಕ್ಷೆ ಮುಗಿದಿತ್ತು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಅಂಕಪಟ್ಟಿ ತುಂಬುತ್ತ ಕೂತಿದ್ದೆವು. ನಮ್ಮ ಶಾಲೆಯ ಕಾರ್ಯದರ್ಶಿಗಳು ಒಳಗೆ ಬಂದರು. ಯಾರ ಮುಖವನ್ನೂ ನೋಡದೆ, ಗೋಡೆಗೆ ಅಂಟಿಸಿದ್ದ ಟೈಂ ಟೇಬಲ್ಲನ್ನು ನೋಡುತ್ತ, "ಉಂಡ ಮನೆಯ ಜಂತೆ ಎಣಿಸೋ ಕೆಲಸ ಇದು. ಮೂರು ತಿಂಗಳಿಂದ ಕದ್ದುಮುಚ್ಚಿ ಬೇರೆ ಕಡೆ ಕೆಲಸ ಹುಡುಕಿದ್ದಾರೆ. ಒಂದು ಮಾತು ಬಾಯಿಬಿಟ್ಟಿಲ್ಲ" ಎಂದರು. ಮಾತು ಗೋಡೆಗೆ ಹೇಳಿದ್ದಾದರೂ ತಾಗಿದ್ದು ನಮ್ಮ ಗಣಿತದ ಮೇಡಂಗೆ. ಆಕೆ ಆ ದಿನ ಬೆಳಿಗ್ಗೆ ರಾಜೀನಾಮೆ ಪತ್ರ ಕೊಟ್ಟಿದ್ದಳು. ತಲೆ ತಗ್ಗಿಸಿ ಕೂತಿದ್ದ ಆ ಹುಡುಗಿಯನ್ನು ನೋಡಿ ನನಗೆ ಸಿಟ್ಟು ಬಂತು. ಆದರೆ ನಾನೂ ಬಾಯಿಬಿಡಲಿಲ್ಲ. ಅವತ್ತು ಆಡದೆ ಉಳಿದ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸದಲ್ಲಿದ್ದುಕೊಂಡು ಇನ್ನೊಂದು ಕೆಲಸವನ್ನು ಗುಟ್ಟಾಗಿ ಹುಡುಕುವುದು ತಪ್ಪಲ್ಲ. ತಪ್ಪು ಇರುವುದು ಬೇರೆ ಎರಡು ಕಡೆ. ಸಂಬಳ ಕೊಡುವವರ ಹೊತ್ತನ್ನು ಅದಕ್ಕೆ ಬಳಸುವುದು ಒಂದು, ಅವರು ಕೊಟ್ಟ ಸಲಕರಣೆಯನ್ನು ಅದಕ್ಕೆ ಬಳಸುವುದು ಇನ್ನೊಂದು. ಈ ಎರಡನ್ನು ಬಿಟ್ಟು, ನಮ್ಮ ಬಿಡುವಿನಲ್ಲಿ, ನಮ್ಮ ಸ್ವಂತ ವಿಳಾಸದಿಂದ ಹುಡುಕಿದರೆ ಅದರಲ್ಲಿ ಕದಿಯುವ ಮಾತು ಎಲ್ಲಿಂದ ಬಂತು? ಕದಿಯಲು ಅಲ್ಲಿ ಇನ್ನೊಬ್ಬರದು ಏನೂ ಇಲ್ಲವಲ್ಲ.

"ಅದೇಕೆ ಗುಟ್ಟು? ನೇರವಾಗಿ ಹೇಳಿದರಾಗದೆ?" ಎಂದು ಕೇಳುವವರಿದ್ದಾರೆ. ಸರ್ಕಾರಿ ಕೆಲಸದಲ್ಲಿರುವವರಿಗೆ ಈ ಪ್ರಶ್ನೆ ಸಹಜ. ಊರಿನ ಖಾಸಗಿ ಶಾಲೆಯಲ್ಲಿ ಪಾಠ ಹೇಳುವವರನ್ನು ಕೇಳಿ ನೋಡಿ. ನಮ್ಮಲ್ಲಿ ಎಷ್ಟೋ ಶಾಲೆಗಳಲ್ಲಿ ನೇಮಕಾತಿ ಆದೇಶ ಒಂದು ವರ್ಷದ್ದು. ಅದೂ ಕೆಲವು ಕಡೆ ಹತ್ತು ತಿಂಗಳಿಗೆ ಮಾತ್ರ, ಏಪ್ರಿಲ್ ಮೇ ತಿಂಗಳಿಗೆ ಸಂಬಳವಿಲ್ಲ. ಮುಂದಿನ ವರ್ಷಕ್ಕೆ ಯಾರಿರಬೇಕು, ಯಾರು ಬೇಡ ಎಂಬ ಪಟ್ಟಿ ಫೆಬ್ರವರಿ ಮಾರ್ಚ್‌ನಲ್ಲಿ ತಯಾರಾಗುತ್ತದೆ. ಬೇರೆ ಶಾಲೆಗಳವರು ಹೊಸಬರನ್ನು ಹುಡುಕುವುದೂ ಅದೇ ತಿಂಗಳುಗಳಲ್ಲಿ. ಅಂದರೆ ನಾವು ಅರ್ಜಿ ಹಾಕುವ ಹೊತ್ತಿಗೇ ನಮ್ಮ ಶಾಲೆಯ ಪಟ್ಟಿಯೂ ಬರೆಯಲ್ಪಡುತ್ತಿರುತ್ತದೆ. ಮಾತು ಕಿವಿಗೆ ಬಿದ್ದರೆ ಸಾಕು, ಹೆಸರು ಪಟ್ಟಿಯಿಂದ ಬಿಡುತ್ತದೆ. ಹೊಸ ಕೆಲಸ ಸಿಗದಿದ್ದರೆ ಜೂನ್ ತಿಂಗಳಲ್ಲಿ ಎರಡೂ ಇಲ್ಲ. ವಿಚಾರಣೆಯಿಲ್ಲದೆ ಶಿಕ್ಷಕರನ್ನು ವಜಾ ಮಾಡಬಾರದು ಎಂದು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿದೆ. ಆದರೆ ವರ್ಷದ ಆದೇಶ ಮುಗಿದ ಮೇಲೆ ಹೊಸದು ಕೊಡದೆ ಸುಮ್ಮನಿದ್ದುಬಿಟ್ಟರೆ, ಹದಿನಾಲ್ಕು ಸಾವಿರ ಸಂಬಳದ ಹೆಂಗಸು ಯಾವ ನ್ಯಾಯಮಂಡಳಿಯ ಮೆಟ್ಟಿಲು ಹತ್ತುತ್ತಾಳೆ?

ಮಗಳಿಗೆ ಗಂಡು ಹುಡುಕುವಾಗ ನಾವು ಬೀದಿಗೆಲ್ಲ ಹೇಳಿಕೊಂಡು ಬರುತ್ತೇವೆಯೆ? ಜಾತಕ ಕೂಡಿ, ಮಾತುಕತೆ ಮುಗಿದು, ತಾಂಬೂಲ ಬದಲಾಯಿಸುವವರೆಗೆ ಪಕ್ಕದ ಮನೆಗೂ ಗೊತ್ತಾಗಗೊಡುವುದಿಲ್ಲ. ಅದನ್ನು ಯಾರೂ ಮೋಸ ಎನ್ನುವುದಿಲ್ಲ, ಜಾಣತನ ಎನ್ನುತ್ತಾರೆ. ಆಡಳಿತ ಮಂಡಳಿಯವರು ಮಾಡುವುದೂ ಇದನ್ನೇ. ಹಿಂದೆ ಪತ್ರಿಕೆಗಳಲ್ಲಿ 'ಶಿಕ್ಷಕರು ಬೇಕಾಗಿದ್ದಾರೆ' ಎಂದು ಜಾಹೀರಾತು ಕೊಡುವಾಗ ಶಾಲೆಯ ಹೆಸರು ಹಾಕದೆ ಬರಿಯ ಬಾಕ್ಸ್ ನಂಬರ್ ಹಾಕುತ್ತಿದ್ದರು. ಹಾಲಿ ಇರುವ ಶಿಕ್ಷಕರಿಗೆ ತಿಳಿಯದಂತೆ ಅವರ ಜಾಗಕ್ಕೆ ಇನ್ನೊಬ್ಬರನ್ನು ನೋಡಲು ಅದೊಂದು ದಾರಿಯಾಗಿತ್ತು. ಆಗ ಅದು ಆಡಳಿತದ ವಿವೇಕ. ನಾವು ಮಾಡಿದರೆ ಮಾತ್ರ ಜಂತೆ ಎಣಿಸುವುದು!

ಇಷ್ಟು ಖಾರವಾಗಿ ಬರೆಯಲು ನನಗೆ ಕಾರಣವಿದೆ. ಈ ವಿಷಯದಲ್ಲಿ ನಾನೊಮ್ಮೆ ಎಡವಿ ಬಿದ್ದವಳು.

1997ರ ಮಾತು. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಪಕ್ಕದ ತಾಲೂಕಿನ ಒಂದು ಪ್ರೌಢಶಾಲೆಗೆ ಕನ್ನಡ ಶಿಕ್ಷಕಿಯ ಹುದ್ದೆಗೆ ಅರ್ಜಿ ಹಾಕಿದೆ. ನಮ್ಮದು ತುಂಬಿದ ಮನೆ. ಯಾರ ಹೆಸರಿಗೆ ಕಾಗದ ಬಂದರೂ ಮಾವನವರು ಒಡೆದು ಓದಿ ಆಮೇಲೆ ಕೊಡುವುದು ವಾಡಿಕೆ. ಅವರಿಗೆ ತಿಳಿಯುವುದು ಬೇಡ ಎಂದು ಅರ್ಜಿಯಲ್ಲಿ ಶಾಲೆಯ ವಿಳಾಸ ಬರೆದೆ. ಬೆಕ್ಕಿಗೆ ಹೆದರಿ ಹಾಲಿನ ಪಾತ್ರೆಯನ್ನು ನಾಯಿಯ ಮುಂದಿಟ್ಟ ಹಾಗಾಯಿತು ಅದು. ಸಂದರ್ಶನದ ಪತ್ರ ಕಂದು ಲಕೋಟೆಯಲ್ಲಿ ಬಂತು. ಲಕೋಟೆಯ ಮೂಲೆಯಲ್ಲಿ ಆ ವಿದ್ಯಾಸಂಸ್ಥೆಯ ಹೆಸರು ಎದ್ದುಕಾಣುವಂತೆ ಅಚ್ಚಾಗಿತ್ತು. ಜವಾನ ಅದನ್ನು ಎಲ್ಲ ಟಪಾಲಿನ ಜೊತೆ ಹೆಡ್ ಮಾಸ್ಟರ ಮೇಜಿನ ಮೇಲಿಟ್ಟ. ಅವರು ಒಡೆಯಲಿಲ್ಲ, ಒಡೆಯುವ ಅಗತ್ಯವೂ ಇರಲಿಲ್ಲ. ನನ್ನನ್ನು ಕರೆದು ನಗುನಗುತ್ತಲೇ ಕೈಗೆ ಕೊಟ್ಟರು.

ಸಂದರ್ಶನ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಬೇರೆ ಹೊತ್ತು ಕೊಡಿ ಎಂದು ಕೇಳಬಹುದು ಎಂಬುದೇ ನನಗೆ ಹೊಳೆಯಲಿಲ್ಲ. ಕರೆದ ಹೊತ್ತಿಗೆ ಹೋಗಬೇಕು, ಅಷ್ಟೆ ಗೊತ್ತು. ರಜೆಚೀಟಿಯಲ್ಲಿ 'ಜ್ವರ' ಎಂದು ಬರೆದೆ. ಗುರುವಾರ ಶಾಲೆಗೆ ಹೋದಾಗ ಹೆಡ್ ಮಾಸ್ಟರು ಎಲ್ಲರೆದುರು, "ಜ್ವರ ಪಕ್ಕದ ತಾಲೂಕಿಗೆ ಹೋಗಿ ಬಂತಾ ಮೇಡಂ?" ಎಂದರು. ಆ ಕೆಲಸ ನನಗೆ ಸಿಗಲಿಲ್ಲ. ಮುಂದಿನ ವರ್ಷ ಹತ್ತನೆಯ ತರಗತಿಯ ಕನ್ನಡ ನನ್ನ ಕೈತಪ್ಪಿತು. ನಾಲ್ಕು ವರ್ಷ ಐದನೆಯ ಆರನೆಯ ತರಗತಿಗಳಲ್ಲೇ ಉಳಿದೆ.

ಇಷ್ಟು ವರ್ಷದ ಮೇಲೆ ಯೋಚಿಸಿದರೆ ಒಂದು ವಿಷಯ ಸ್ಪಷ್ಟವಾಗಿದೆ. ನಾನು ಬೇರೆ ಕೆಲಸ ಹುಡುಕಿದೆ ಎಂಬುದನ್ನು ಇಟ್ಟುಕೊಂಡು ಅವರು ನನ್ನನ್ನು ಏನೂ ಅನ್ನಲಾಗುತ್ತಿರಲಿಲ್ಲ. ಅವರ ಕೈಗೆ ಆಯುಧವಾಗಿ ಸಿಕ್ಕಿದ್ದು ನಾನು ಹೇಳಿದ ಸುಳ್ಳು. ಗುಟ್ಟು ಬೇರೆ, ಸುಳ್ಳು ಬೇರೆ. ಗುಟ್ಟು ಬಯಲಾದರೆ ಮುಜುಗರವಾಗುತ್ತದೆ, ಸುಳ್ಳು ಬಯಲಾದರೆ ತಲೆ ತಗ್ಗಿಸಬೇಕಾಗುತ್ತದೆ. ಜ್ವರದ ಸುಳ್ಳು ಹುಟ್ಟಿದ್ದು ಹೊತ್ತು ಕೇಳದ್ದರಿಂದ. ಅದು ಬಯಲಾದದ್ದು ವಿಳಾಸ ತಪ್ಪಿದ್ದರಿಂದ.

ಈ ಕಾಲದಲ್ಲಿ ಕಂದು ಲಕೋಟೆ ಇಲ್ಲ. ಅದರ ಜಾಗದಲ್ಲಿ ಇಮೇಲ್ ಬಂದಿದೆ. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ, ಆನ್‌ಲೈನ್ ಪಾಠಕ್ಕೆಂದು ನಮ್ಮ ಶಾಲೆ ಎಲ್ಲ ಶಿಕ್ಷಕರಿಗೂ ಶಾಲೆಯ ಹೆಸರಿನದೇ ಇಮೇಲ್ ಕೊಟ್ಟಿತು. ಹೆಸರು ನಮ್ಮದು, ಹಿಂದೆ ಶಾಲೆಯದು. ನಮ್ಮಲ್ಲಿ ಎಷ್ಟೋ ಜನಕ್ಕೆ ಅದೇ ಮೊದಲ ಇಮೇಲ್. ಹಾಗಾಗಿ ಬ್ಯಾಂಕಿಗೂ ಅದೇ, ಗ್ಯಾಸಿಗೂ ಅದೇ, ಮಗಳ ಕಾಲೇಜಿಗೂ ಅದೇ. ಅದು ನಮ್ಮದಲ್ಲ, ಶಾಲೆಯ ಬೀರುವಿನಲ್ಲಿ ನಮಗೆ ಕೊಟ್ಟಿರುವ ಒಂದು ಖಾನೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಬೀರುವಿನ ಬೀಗದ ಕೈ ಒಂದು ನಮ್ಮ ಹತ್ತಿರ, ಇನ್ನೊಂದು ಶಾಲೆಯ ಕಂಪ್ಯೂಟರ್ ನೋಡಿಕೊಳ್ಳುವವರ ಹತ್ತಿರ. ಅವರು ನಮ್ಮ ಪಾಸ್‌ವರ್ಡ್ ಬದಲಾಯಿಸಿ ಒಳಗೆ ಹೋಗಬಹುದು. ಒಳಗೆ ಹೋಗದೆಯೂ ಯಾರಿಂದ ಯಾರಿಗೆ, ಎಷ್ಟು ಹೊತ್ತಿಗೆ, ಯಾವ ವಿಷಯವಾಗಿ ಪತ್ರ ಹೋಯಿತು ಎಂಬ ಪಟ್ಟಿಯನ್ನು ನೋಡಬಹುದು. ಪತ್ರದ ಒಳಗಿನದು ಕಾಣದಿದ್ದರೂ ವಿಷಯದ ಸಾಲು ಕಾಣುತ್ತದೆ. ಇದೇ ಅಲ್ಲವೆ ಹೆಸರು ಅಚ್ಚಾದ ಕಂದು ಲಕೋಟೆ? ದಿನಾ ಯಾರೋ ಕೂತು ನಮ್ಮ ಪತ್ರ ಓದುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅಷ್ಟು ಬಿಡುವು ಯಾರಿಗೂ ಇಲ್ಲ. ಆದರೆ ಅನುಮಾನ ಬಂದ ದಿನ ನೋಡಲು ದಾರಿಯಿದೆ, ಮತ್ತು ಅದು ಅವರದೇ ಬೀರುವಾದ್ದರಿಂದ ಅವರನ್ನು ತಪ್ಪೆನ್ನುವುದೂ ಕಷ್ಟ. ಇನ್ನೊಂದು ಮಾತು. ಕೆಲಸ ಬಿಟ್ಟ ದಿನ ಆ ಖಾತೆ ಮುಚ್ಚುತ್ತಾರೆ. ಹೊಸ ಶಾಲೆಯವರ ನೇಮಕಾತಿ ಪತ್ರ ಅದರಲ್ಲೇ ಬಂದಿದ್ದರೆ ಅದೂ ಬೀರುವಿನೊಳಗೇ ಉಳಿಯಿತು.

ಗಣಿತದ ಮೇಡಂ ನನ್ನ ಹತ್ತಿರ ಮೊದಲು ಬಂದದ್ದು ಜನವರಿಯಲ್ಲಿ. "ಅಕ್ಕ, ಮೂರು ಕಡೆ ಅರ್ಜಿ ಹಾಕ್ತಿದೀನಿ. ಯಾರಿಗೂ ಹೇಳಬೇಡಿ" ಎಂದಳು. ಆಗಲೇ ಒಂದು ಶಾಲೆಯ ಅರ್ಜಿಯನ್ನು ಮೊಬೈಲಿನಲ್ಲಿ ಅರ್ಧ ತುಂಬಿದ್ದಳು. ಈಗ ಅರ್ಜಿಯೆಂದರೆ ಒಂದು ಲಿಂಕ್, ಒತ್ತಿದರೆ ಗೂಗಲ್ ಫಾರ್ಮ್ ತೆರೆಯುತ್ತದೆ. ನಾನು ಕನ್ನಡಕ ಏರಿಸಿ ನೋಡಿದೆ. ಫಾರ್ಮಿನ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಯಾವ ಖಾತೆಯಿಂದ ತುಂಬುತ್ತಿದ್ದೀರಿ ಎಂದು ಇರುತ್ತದೆ. ಅಲ್ಲಿ ನಮ್ಮ ಶಾಲೆಯ ಇಮೇಲೇ ಕೂತಿತ್ತು! ಅವಳ ಫೋನಿನಲ್ಲಿ ಎರಡು ಖಾತೆಗಳಿದ್ದವು. ಫೋನಿಗೆ ಏನು ಗೊತ್ತು, ಮೊದಲಿನದನ್ನು ಎತ್ತಿಕೊಂಡಿತ್ತು. ಕಳಿಸು ಎಂಬುದನ್ನು ಒತ್ತಿದ್ದರೆ ಆಗಿಹೋಗುತ್ತಿತ್ತು.

ಅಲ್ಲಿಂದ ನಾವಿಬ್ಬರೂ ಎರಡು ಸಂಜೆ ಕೂತು ಸರಿಮಾಡಿದೆವು. ಕೆಲಸಕ್ಕೆಂದೇ ಸ್ವಂತದ ಹೊಸ ಇಮೇಲ್ ಮಾಡಿದಳು. ಅಡ್ಡಹೆಸರು, ಹುಟ್ಟಿದ ಇಸವಿ ಯಾವುದೂ ಇಲ್ಲ, ಬರಿಯ ಹೆಸರು ಮತ್ತು ಇನಿಷಿಯಲ್. ಅದಕ್ಕೆ ಫೋನ್ ನಂಬರನ್ನೂ ತನ್ನದನ್ನೇ ಕೊಟ್ಟಳು. ಪಾಸ್‌ವರ್ಡ್ ಮರೆತರೆ ದಾರಿ ತೋರಿಸುವ ಇನ್ನೊಂದು ಇಮೇಲ್ ಕೇಳಿದಾಗ ಶಾಲೆಯದನ್ನು ಬರೆಯಹೊರಟಿದ್ದಳು, ತಡೆದೆ. ಅಲ್ಲಿ ಅವಳ ತಮ್ಮನದು ಬರೆದಳು. ಸ್ವವಿವರದ ಹಾಳೆ ಶಾಲೆಯ ಡ್ರೈವ್‌ನಲ್ಲಿತ್ತು. ಅದನ್ನು ಇಳಿಸಿಕೊಂಡು, ತನ್ನ ಖಾತೆಗೆ ಹಾಕಿ, ಅಲ್ಲಿಂದ ತೆಗೆದುಹಾಕಿದಳು. ಆ ಹಾಳೆಯ ತಲೆಯಲ್ಲೂ ಶಾಲೆಯ ಇಮೇಲೇ ಅಚ್ಚಾಗಿತ್ತು. ಇದನ್ನು ಎಲ್ಲರೂ ಮರೆಯುತ್ತಾರೆ. ಎಷ್ಟೇ ಜಾಗ್ರತೆಯಿಂದ ಸ್ವಂತ ಇಮೇಲಿನಿಂದ ಕಳಿಸಿದರೂ, ಅವರು ಹಾಳೆಯಲ್ಲಿ ಕಂಡ ವಿಳಾಸಕ್ಕೆ ಉತ್ತರಿಸಿಬಿಡಬಹುದು. ಪತ್ರ ಕಳಿಸುವ ಮುನ್ನ From ಎಂಬ ಸಾಲನ್ನು ಒಮ್ಮೆ ಬೆರಳಿಟ್ಟು ಓದುವುದು ಅವಳಿಗೆ ಅಭ್ಯಾಸವಾಯಿತು. ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಸ್ವಂತ ಇಮೇಲ್ ತೆರೆಯುವುದನ್ನೂ ನಿಲ್ಲಿಸಿದಳು. ಹೊರಗೆ ಬರುವುದನ್ನು ಮರೆತರೆ ಮುಂದೆ ಕೂತವರಿಗೆ ಅದು ತೆರೆದ ಪುಸ್ತಕ. ಸ್ವಂತ ವಿಳಾಸ ಅನ್ನುವುದಕ್ಕೆ ಅರ್ಥ ಬರುವುದು ಸ್ವಂತ ಫೋನು, ಸ್ವಂತ ಡಾಟಾ, ಎರಡೂ ಜೊತೆಗಿದ್ದಾಗ.

ಆದರೂ ಒಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ನಮ್ಮಲ್ಲಿ ಈಗ ಪಾಠಕ್ಕೆ ಸ್ಮಾರ್ಟ್ ಬೋರ್ಡ್ ಇದೆ. ಫೋನನ್ನು ಅದಕ್ಕೆ ಜೋಡಿಸಿ ಚಿತ್ರ ತೋರಿಸುತ್ತೇವೆ. ಫೋನಿನಲ್ಲಿ ಕಂಡದ್ದೆಲ್ಲ ಗೋಡೆಯ ಮೇಲೂ ಕಾಣುತ್ತದೆ. ಒಂಬತ್ತನೆಯ ತರಗತಿಯಲ್ಲಿ ತ್ರಿಭುಜ ತೋರಿಸುತ್ತಿದ್ದಾಗ ಮೇಲಿನಿಂದ ಒಂದು ಪತ್ರದ ಸೂಚನೆ ಇಳಿದು ಬಂತಂತೆ. ಪುಣ್ಯಕ್ಕೆ ಅದು ಬಟ್ಟೆ ಅಂಗಡಿಯ ಜಾಹೀರಾತು. ಆ ಸಂಜೆಯೇ ಆ ಇಮೇಲಿನ ಸೂಚನೆಗಳನ್ನು ನಿಲ್ಲಿಸಿದಳು. ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಮನೆಗೆ ಹೋದ ಮೇಲೆ ಒಮ್ಮೆ ತಾನೇ ತೆರೆದು ನೋಡುತ್ತಿದ್ದಳು. ಉತ್ತರಗಳನ್ನೂ ಆಗಲೇ ಬರೆಯುವುದು. ಹಗಲು ಹನ್ನೊಂದೂವರೆಗೆ ಹೋದ ಪತ್ರದಲ್ಲಿ ಆ ಹೊತ್ತು ನಮೂದಾಗಿರುತ್ತದೆ. ಹೊಸ ಶಾಲೆಯವರಿಗೂ ಕಣ್ಣಿದೆ. ಆ ಶಾಲೆಯ ತರಗತಿಯಲ್ಲಿ ಕೂತು ನಮಗೆ ಬರೆದವಳು ನಾಳೆ ನಮ್ಮ ತರಗತಿಯಲ್ಲಿ ಕೂತು ಯಾರಿಗೆ ಬರೆಯುತ್ತಾಳೋ ಎಂದು ಅವರು ಯೋಚಿಸಿದರೆ ತಪ್ಪೇನು?

ಇನ್ನು ಹೊತ್ತಿನ ಮಾತು. ನಮ್ಮ ಹೆಂಗಸರಿಗೆ ಕೇಳುವುದೆಂದರೆ ಸಂಕೋಚ. 'ಅವರು ಕರೆದಿರುವುದೇ ಹೆಚ್ಚು, ಅದರ ಮೇಲೆ ಹೊತ್ತು ಬೇರೆ ಕೇಳುವುದೆ?' ಎಂಬ ಭಾವನೆ. ಕೇಳಿದರೆ ಕೆಟ್ಟ ಹೆಸರು ಬರುತ್ತದೆ ಎಂಬ ಭಯ. ನಾನು ಹೇಳುವುದು ತಿರುಗಾಮುರುಗಾ. ಮಕ್ಕಳನ್ನು ತರಗತಿಯಲ್ಲಿ ಬಿಟ್ಟು ಬರಲಾರೆ, ಶಾಲೆ ಬಿಟ್ಟ ಮೇಲೆ ಬರುತ್ತೇನೆ ಎನ್ನುವ ಶಿಕ್ಷಕಿ ತಾನು ಎಂಥ ಶಿಕ್ಷಕಿ ಎಂಬುದನ್ನು ಸಂದರ್ಶನಕ್ಕೆ ಮೊದಲೇ ತೋರಿಸಿಕೊಟ್ಟಿರುತ್ತಾಳೆ. ಕೇಳುವ ಕ್ರಮ ಸರಿಯಿರಬೇಕು, ಅಷ್ಟೆ. 'ಬೇರೆ ದಿನ ಕೊಡಿ' ಎಂದು ಸುಮ್ಮನೆ ಬರೆದರೆ ಓದಿದವರಿಗೆ ತಲೆನೋವು. ಯಾವ ದಿನ, ಯಾವ ಹೊತ್ತು ಎಂದು ನಾವೇ ಮೂರು ಆಯ್ಕೆ ಕೊಡಬೇಕು. ಮೇಡಂ ಬರೆದ ಪತ್ರ ಹೀಗಿತ್ತು:

"ಸಂದರ್ಶನಕ್ಕೆ ಕರೆದದ್ದಕ್ಕೆ ವಂದನೆಗಳು. ನಾನು ಈಗ ಕೆಲಸದಲ್ಲಿದ್ದು, ಬೆಳಿಗ್ಗೆ 9ರಿಂದ ಸಂಜೆ 4:15ರವರೆಗೆ ತರಗತಿಗಳಿರುತ್ತವೆ. ತಮಗೆ ಅನುಕೂಲವಾದರೆ ಫೆಬ್ರವರಿ 17 ಶನಿವಾರ ಮಧ್ಯಾಹ್ನ 2ರ ನಂತರ, ಅಥವಾ 18 ಭಾನುವಾರ ಯಾವ ಹೊತ್ತಿಗಾದರೂ ಬರುತ್ತೇನೆ. ಮೊದಲು ಫೋನಿನಲ್ಲಿ ಮಾತಾಡುವುದಾದರೆ ಯಾವ ದಿನವಾದರೂ ಸಂಜೆ 6ರ ನಂತರ ಸಿಗುತ್ತೇನೆ. ನೇಮಕಾತಿ ಪತ್ರ ಕೊಡುವವರೆಗೆ ನನ್ನ ಈಗಿನ ಶಾಲೆಯನ್ನು ವಿಚಾರಿಸಬಾರದಾಗಿ ವಿನಂತಿ."

ಕೊನೆಯ ಸಾಲನ್ನು ಬಿಡಬೇಡಿ. ಒಂದೇ ಜಿಲ್ಲೆಯ ಹೆಡ್ ಮಾಸ್ಟರುಗಳು ಮೌಲ್ಯಮಾಪನ ಕೇಂದ್ರದಲ್ಲಿ, ಸಭೆಗಳಲ್ಲಿ ಪದೇ ಪದೇ ಸಿಗುವವರು. "ನಿಮ್ಮ ಗಣಿತದ ಟೀಚರ್ ಹೇಗೆ ಸಾರ್?" ಎಂಬ ಒಂದು ಪ್ರಶ್ನೆ ಸಾಕು, ಅದರಲ್ಲಿ ದುರುದ್ದೇಶ ಇರಬೇಕೆಂದೇನೂ ಇಲ್ಲ. ಬಾಯಿಮುಚ್ಚಿ ಎಂದು ನಾವು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಮೂರು ಶಾಲೆಗಳಲ್ಲಿ ಒಂದರಿಂದ ಉತ್ತರವೇ ಬರಲಿಲ್ಲ. ಇನ್ನೊಂದು, ಮಂಗಳವಾರ ಹತ್ತೂವರೆಗೆ ಬಂದರೆ ಬನ್ನಿ, ಇಲ್ಲದಿದ್ದರೆ ಬೇಡ ಎಂದಿತು. ಅವರನ್ನೂ ಪೂರಾ ದೂರಲಾರೆ. ಆಡಳಿತ ಮಂಡಳಿಯ ಸದಸ್ಯರು ಸೇರುವುದೇ ಆ ಒಂದು ದಿನ ಇರಬಹುದು. ಆದರೆ ಬೇಕಾದ ಕೆಲಸಕ್ಕೆ ಮಾತ್ರ ರಜೆ ಖರ್ಚು ಮಾಡಬೇಕು. ಅಲ್ಲಿ ಸಂಬಳವೂ ಇಲ್ಲಿನಷ್ಟೇ, ಬಸ್ಸಿನ ದಾರಿ ಎರಡರಷ್ಟು. ಮೇಡಂ ವಂದನೆ ಹೇಳಿ ಬಿಟ್ಟಳು. ಮೂರನೆಯ ಶಾಲೆ ನಲವತ್ತು ಕಿಲೋಮೀಟರ್ ದೂರದ ಊರಿನದು. ಅವರು ಒಂದು ಸಂಜೆ ಏಳಕ್ಕೆ ಇಪ್ಪತ್ತು ನಿಮಿಷ ವಿಡಿಯೋದಲ್ಲಿ ಮಾತಾಡಿದರು. ಆಮೇಲೆ ಶನಿವಾರ ಎರಡೂವರೆಗೆ ಬರಹೇಳಿದರು. ನಮ್ಮಲ್ಲಿ ಶನಿವಾರ ಬೆಳಗಿನ ಶಾಲೆ, ಹನ್ನೆರಡಕ್ಕೆ ಮುಗಿಯುತ್ತದೆ. ಅವಳು ದಿನನಿತ್ಯದ ಹತ್ತಿ ಸೀರೆಯಲ್ಲೇ ಬಂದಿದ್ದಳು. ಇದೂ ಸಣ್ಣ ವಿಷಯವಲ್ಲ. ಒಳ್ಳೆಯ ಸೀರೆ ಉಟ್ಟು ಬಂದರೆ ಸ್ಟಾಫ್ ರೂಮಿನಲ್ಲಿ "ಏನ್ ವಿಶೇಷ?" ಎಂದು ನಾಲ್ಕು ಜನ ಕೇಳುತ್ತಾರೆ. ನಾಲ್ವರಿಗೂ ಉತ್ತರ ಹೇಳುವಷ್ಟರಲ್ಲಿ ಒಂದು ಸುಳ್ಳಾದರೂ ಬಾಯಿಗೆ ಬಂದಿರುತ್ತದೆ.

ಇಲ್ಲಿ ಒಂದು ತೊಡಕಿದೆ. ಶಿಕ್ಷಕರ ನೇಮಕಾತಿಯಲ್ಲಿ ಮಾತುಕತೆಯ ಮೇಲೆ ಡೆಮೊ ಪಾಠ ಎಂಬುದೊಂದಿದೆ. ಅವರ ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಮಕ್ಕಳು ಸಂಜೆ ಏಳಕ್ಕೂ ಸಿಗುವುದಿಲ್ಲ, ಭಾನುವಾರವೂ ಸಿಗುವುದಿಲ್ಲ. ಬೇಸಿಗೆ ರಜೆಯವರೆಗೆ ಕಾಯೋಣವೆಂದರೆ ಅಷ್ಟರಲ್ಲಿ ಜಾಗ ತುಂಬಿರುತ್ತದೆ. ಹೊತ್ತು ಕೇಳುವ ಉಪಾಯಕ್ಕೆ ಮಿತಿಯಿರುವುದು ಇಲ್ಲೇ. ಹಾಗಾಗಿ ಮೊದಲಿನ ಮಾತುಕತೆಗಳನ್ನೆಲ್ಲ ಶಾಲೆಯ ವೇಳೆಯ ಹೊರಗೆ ಮುಗಿಸಿ, ಇದೊಂದಕ್ಕೇ ರಜೆ ಉಳಿಸಿಕೊಳ್ಳಬೇಕು. ಅದೂ ಡೆಮೊ ಕರೆಯುವ ಮುನ್ನ ಸಂಬಳ, ತರಗತಿಗಳು, ಸೇರುವ ದಿನ ಇವೆಲ್ಲ ಬಾಯಿಮಾತಿನಲ್ಲಾದರೂ ತೀರ್ಮಾನವಾಗಿರಬೇಕು.

ಮೇಡಂ ಮಧ್ಯಾಹ್ನದ ಅರ್ಧ ದಿನ ಸಿ.ಎಲ್. ಹಾಕಿದಳು. ಪರೀಕ್ಷೆಯ ವಾರವಲ್ಲದ ದಿನ ನೋಡಿ, ತನ್ನ ಎರಡು ಪೀರಿಯಡ್ಡುಗಳನ್ನು ವಿಜ್ಞಾನದ ಮೇಡಂಗೆ ಒಪ್ಪಿಸಿ, ರಜೆಚೀಟಿಯಲ್ಲಿ 'ಸ್ವಂತ ಕೆಲಸದ ನಿಮಿತ್ತ' ಎಂದು ಬರೆದಳು. ಈ ಮೂರು ಪದಗಳ ಬೆಲೆ ನನಗೆ ಗೊತ್ತು. 1997ರಲ್ಲಿ ಜ್ವರದ ಬದಲು ಇವನ್ನು ಬರೆದಿದ್ದರೆ ಹೆಡ್ ಮಾಸ್ಟರಿಗೆ ನಗಲು ಏನೂ ಸಿಗುತ್ತಿರಲಿಲ್ಲ. ಸಾಂದರ್ಭಿಕ ರಜೆ ಇರುವುದೇ ಸ್ವಂತ ಕೆಲಸಕ್ಕೆ. ಯಾವ ಕೆಲಸ ಎಂದು ವಿವರಿಸಬೇಕಿಲ್ಲ. ಮಗುವಿಗೆ ಹುಷಾರಿಲ್ಲ, ಅತ್ತೆಗೆ ಆಸ್ಪತ್ರೆ ಎಂದು ಬರೆದರೆ ಮನೆಯವರ ಆರೋಗ್ಯವನ್ನು ಅಡವಿಟ್ಟು ಅರ್ಧ ದಿನ ಕೊಂಡ ಹಾಗಾಗುತ್ತದೆ. ಹನ್ನೆರಡೂಕಾಲಿನ ಬಸ್ಸು ಹತ್ತಿ, ಎರಡು ಗಂಟೆಗೆ ಎಂಟನೆಯ ತರಗತಿಗೆ ಅಪವರ್ತನದ ಪಾಠ ಮಾಡಿ, ಸಂಜೆ ಆರಕ್ಕೆ ಮನೆ ಸೇರಿದಳು.

"ನೇರವಾಗಿ ಯಾರಾದರೂ ಕೇಳಿಬಿಟ್ಟರೆ ಏನು ಹೇಳಲಿ ಅಕ್ಕ?" ಎಂದು ಒಮ್ಮೆ ಕೇಳಿದ್ದಳು. ಕಷ್ಟದ ಪ್ರಶ್ನೆಯೇ. "ಇಲ್ಲ ಸಾರ್, ನಾನೆಲ್ಲಿ ಹೋಗ್ತೀನಿ" ಅನ್ನಬೇಡ ಎಂದೆ. ಆ ಮಾತನ್ನು ಏಪ್ರಿಲ್‌ನಲ್ಲಿ ನುಂಗಬೇಕಾಗುತ್ತದೆ. "ಒಳ್ಳೆಯ ಅವಕಾಶ ಬಂದರೆ ಯಾರು ಬೇಡ ಅಂತಾರೆ ಸಾರ್, ಈ ವರ್ಷದ ಪಾಠಕ್ಕೆ ನನ್ನಿಂದ ಏನೂ ಕೊರತೆ ಆಗೋದಿಲ್ಲ" ಎಂದರೆ ಎರಡೂ ನಿಜ. ಕೇಳಿದವರಿಗೆ ಅನುಮಾನ ಉಳಿಯಬಹುದು. ಉಳಿಯಲಿ, ಅನುಮಾನವನ್ನು ಹಿಡಿದು ಯಾರೂ ಎಲ್ಲರೆದುರು ನಿಲ್ಲಿಸಿ ನಗಲಾರರು.

ಮಾರ್ಚ್ ಕೊನೆಯಲ್ಲಿ ಹೊಸ ಶಾಲೆಯ ನೇಮಕಾತಿ ಪತ್ರ ಬಂತು. ಸಹಿ, ಮೊಹರು, ಸಂಬಳ ಇಪ್ಪತ್ತೊಂದು ಸಾವಿರ, ಸೇರುವ ದಿನ, ಎಲ್ಲ ಇತ್ತು. ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ಸು ತಂದಳು, ಅವರ ಬಳಿ ನಕಲು ಮಾತ್ರ ಬಿಟ್ಟಳು. ಗುಟ್ಟಿನ ಅವಧಿ ಅಲ್ಲಿಗೆ ಮುಗಿಯಿತು. ನನ್ನ ಮಾತಿನಲ್ಲಿ ಇದೂ ಒಂದು ಭಾಗ, ಮರೆಯಬೇಡಿ. ಪತ್ರ ಕೈಗೆ ಬಂದ ಮೇಲೂ ಮುಚ್ಚಿಟ್ಟರೆ ಅದು ಜಾಣತನವಲ್ಲ. ಮೊದಲು ತಿಳಿಯಬೇಕಾದವರು ಹೆಡ್ ಮಾಸ್ಟರು, ಸ್ಟಾಫ್ ರೂಮಿನ ಗೆಳತಿಯರಲ್ಲ. ಅವಳು ಹಾಗೇ ಮಾಡಿದಳು. ಆದೇಶದಲ್ಲಿದ್ದಂತೆ ಒಂದು ತಿಂಗಳ ಮುಂಚಿತ ಸೂಚನೆ ಕೊಟ್ಟಳು. ಹತ್ತನೆಯ ತರಗತಿಯ ಪಾಠ ಮುಗಿಸಿದ್ದಳು, ಪರೀಕ್ಷೆ ಬರೆಸಿದ್ದಳು, ಅಂಕಪಟ್ಟಿ ತುಂಬುತ್ತಿದ್ದಳು. ಒಂದು ಮಗುವಿನ ಒಂದು ಲೆಕ್ಕವೂ ಅವಳಿಂದ ಬಾಕಿ ಇರಲಿಲ್ಲ. ಆ ಹೊತ್ತಿಗೇ ಕಾರ್ಯದರ್ಶಿಗಳು ಬಂದು ಗೋಡೆಗೆ ಜಂತೆಯ ಮಾತು ಹೇಳಿದ್ದು.

ಅವರು ಹೇಳಬಹುದಾದ ನ್ಯಾಯದ ಮಾತೊಂದಿದೆ. ಅದನ್ನು ನಾನೇ ಹೇಳಿಬಿಡುತ್ತೇನೆ. "ಮೊದಲೇ ಗೊತ್ತಿದ್ದರೆ ಫೆಬ್ರವರಿಯಲ್ಲೇ ಬೇರೆಯವರನ್ನು ಹುಡುಕುತ್ತಿದ್ದೆವು. ಈಗ ಜೂನ್ ಒಳಗೆ ಗಣಿತದವರು ಎಲ್ಲಿ ಸಿಗುತ್ತಾರೆ?" ನಿಜ, ಗಣಿತದವರು ಸಿಗುವುದು ಕಷ್ಟ. ಆದರೆ ಫೆಬ್ರವರಿಯಲ್ಲಿ ಅವಳ ಕೈಯಲ್ಲಿದ್ದದ್ದು ಒಂದು ಆಸೆ ಮಾತ್ರ. ಆಸೆಯನ್ನು ತಿಳಿಸಿದವಳ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ ಎಂಬ ಭರವಸೆಯನ್ನು ಯಾವ ಕಾರ್ಯದರ್ಶಿ ಎಂದಾದರೂ ಕೊಟ್ಟಿದ್ದಾರೆ? ವರ್ಷದ ಬದಲು ಮೂರು ವರ್ಷದ ಆದೇಶ ಕೊಡಿ, ಬೇಸಿಗೆಯ ಸಂಬಳ ಕೊಡಿ, ಬೇರೆ ಕಡೆ ಅರ್ಜಿ ಹಾಕಿದವರನ್ನು ಐದನೆಯ ತರಗತಿಗೆ ತಳ್ಳಬೇಡಿ. ಆಮೇಲೆ ನೋಡಿ, ನಾವೇ ಬಂದು ಹೇಳುತ್ತೇವೆ. ಗುಟ್ಟನ್ನು ಹುಟ್ಟಿಸುವುದು ಭಯ. ಭಯವನ್ನು ಇಟ್ಟುಕೊಂಡು ಗುಟ್ಟನ್ನು ಬೈಯುವುದು ಯಾವ ನ್ಯಾಯ?

ಮೇ ತಿಂಗಳಲ್ಲಿ ಒಂದು ದಿನ ದಾಖಲಾತಿಯ ಕೆಲಸಕ್ಕೆಂದು ಶಾಲೆಗೆ ಹೋಗಿದ್ದೆ. ಕಾರ್ಯದರ್ಶಿಗಳು ಸಂಭ್ರಮದಿಂದ, "ಗಣಿತಕ್ಕೆ ಒಬ್ಬರು ಸಿಗೋ ಹಾಗಿದೆ ಮೇಡಂ. ಭಾನುವಾರ ಬೆಳಿಗ್ಗೆ ಬರ್ತಿದಾರೆ, ನೀವೂ ಒಂದು ಗಳಿಗೆ ಬಂದು ಕೂತ್ಕೊಳ್ಳಿ" ಎಂದರು. ಭಾನುವಾರ ಯಾಕೆ ಸಾರ್ ಎಂದೆ. ಅವರು ಧ್ವನಿ ತಗ್ಗಿಸಿದರು. "ಪಾಪ, ಈಗ ಬೇರೆ ಕಡೆ ಕೆಲಸದಲ್ಲಿದಾರೆ. ಅಲ್ಲಿ ರಜೆಯಲ್ಲೂ ಸ್ಪೆಷಲ್ ಕ್ಲಾಸ್ ಇದೆಯಂತೆ. ಅವರಿಗೆ ಗೊತ್ತಾಗೋದು ಬೇಡ ಅಂದರು. ಒಳ್ಳೇ ಹುಡುಗಿ, ಜವಾಬ್ದಾರಿ ಇದೆ."

"ಬರ್ತೀನಿ ಸಾರ್" ಎಂದೆ. ಭಾನುವಾರ ಹೋದೆ. ಹುಡುಗಿ ಚೆನ್ನಾಗಿಯೇ ಮಾತಾಡಿದಳು. ಹೊರಡುವಾಗ ನಾನು ಅವಳ ಸ್ವವಿವರದ ಹಾಳೆಯನ್ನು ತೆಗೆದುಕೊಂಡು ಮೇಲಿನ ಸಾಲು ನೋಡಿದೆ. ಇಮೇಲ್ ಅವಳ ಈಗಿನ ಶಾಲೆಯದೇ ಇತ್ತು. ಗೇಟಿನವರೆಗೆ ಜೊತೆಯಲ್ಲಿ ಹೋಗಿ, "ಮೊದಲು ಇದನ್ನು ಬದಲಾಯಿಸಮ್ಮ" ಎಂದು ಹೇಳಿ ಬಂದೆ.